ಒಳಗಿಣ್ಣಿನ ಹಿಂದೆ ನೋವು, ಒಂದೇ ಕಾಲಿನ ಕಮಾನು ಕುಸಿತ: ಏನು ಮಾಡಬೇಕು?

ಪ್ರಶ್ನೆ: ನನಗೆ 54 ವರ್ಷ, ಮಲ್ಲೇಶ್ವರದ ಒಂದು ಶಾಲೆಯಲ್ಲಿ ಟೀಚರ್. ತೂಕ 74 ಕೆ.ಜಿ., ಬಿ.ಪಿ. ಮಾತ್ರೆ ತಗೋತೀನಿ, ಶುಗರ್ ಇಲ್ಲ. ಎಂಟು ತಿಂಗಳಿಂದ ಬಲಗಾಲಿನ ಒಳಗಿಣ್ಣಿನ ಹಿಂದೆ ನೋವು, ಸಂಜೆ ಹೊತ್ತಿಗೆ ಊತ. ಆ ಪಾದ ಒಳಕ್ಕೆ ವಾಲ್ತಿದೆ ಅಂತ ಮಗಳು ಹೇಳಿದಳು, ನೋಡಿದರೆ ಹೌದು, ಕಮಾನು ಇಳಿದಿದೆ. ಮಲಗಿಸಿ ಎಕ್ಸ್‌ರೇ ತೆಗೆದು ನಾರ್ಮಲ್ ಅಂದರು. ಯೂರಿಕ್ ಆಸಿಡ್ ಕೂಡ ನಾರ್ಮಲ್. ಎಂಸಿಆರ್ ಚಪ್ಪಲಿ ಹಾಕೋಕೆ ಶುರುಮಾಡಿ ನಾಲ್ಕು ತಿಂಗಳಾಯ್ತು, ಏನೂ ಪ್ರಯೋಜನ ಆಗಿಲ್ಲ. ಈಗ ನೋವಿರೋ ಜಾಗಕ್ಕೇ ಸ್ಟೀರಾಯ್ಡ್ ಇಂಜೆಕ್ಷನ್ ಹಾಕ್ತೀವಿ ಅಂತಿದ್ದಾರೆ. ಹಾಕಿಸಿಕೊಳ್ಳಲಾ? ಕಮಾನು ಮತ್ತೆ ಬರುತ್ತಾ?

ಉತ್ತರ: ಆ ಇಂಜೆಕ್ಷನ್ ಬೇಡ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ನೋಯುತ್ತಿರುವುದು ಮೂಳೆಯಲ್ಲ, ಕೀಲೂ ಅಲ್ಲ. ಗಿಣ್ಣಿನ ಹಿಂದೆ ಹಾದುಹೋಗುವ ಒಂದು ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ. ಸವೆದು ಎಳೆಎಳೆಯಾಗುತ್ತಿರುವ ಹುರಿಯ ಸುತ್ತ ಸ್ಟೀರಾಯ್ಡ್ ಹಾಕಿದರೆ ಕೆಲವು ವಾರ ನೋವು ಆರಬಹುದು, ಆದರೆ ಆ ನೆಮ್ಮದಿಯಲ್ಲಿ ಓಡಾಡುವಾಗಲೇ ಅದು ಪೂರ್ತಿ ಹರಿದುಹೋಗುವ ಅಪಾಯ ಇದೆ. ಕಮಾನಿನ ವಿಷಯಕ್ಕೆ ಬಂದರೆ, ಇಳಿದಿರುವಷ್ಟು ಇಳಿದಿದೆ. ಯಾವ ವ್ಯಾಯಾಮದಿಂದಲೂ ಅದು ಹಳೆಯ ಎತ್ತರಕ್ಕೆ ಏಳುವುದಿಲ್ಲ. ನೋವು ಹೋಗಿಸಿ, ಬಲ ತರಿಸಿ, ಇದಕ್ಕಿಂತ ಹೆಚ್ಚು ಕುಸಿಯದ ಹಾಗೆ ತಡೆಯುವುದು ಮಾತ್ರ ನಿಮ್ಮ ಹಂತದಲ್ಲಿ ಬಹುತೇಕರಿಗೆ ಆಪರೇಷನ್ ಇಲ್ಲದೆ ಸಾಧ್ಯ.

ಈ ಟೆಂಡನ್‌ಗೆ ಟಿಬಿಯಾಲಿಸ್ ಪೋಸ್ಟೀರಿಯರ್ ಎಂದು ಹೆಸರು. ಮೀನಖಂಡದ ಆಳದಲ್ಲಿ ಅದರ ಸ್ನಾಯು ಇದೆ. ಅಲ್ಲಿಂದ ಇಳಿದು ಬರುವ ಹುರಿ ಬಾವಿಯ ರಾಟೆ ಮೇಲಿನ ಹಗ್ಗದ ಹಾಗೆ ಒಳಗಿಣ್ಣಿನ ಹಿಂಬದಿಯಲ್ಲಿ ಮುಂದಕ್ಕೆ ತಿರುಗಿ, ಪಾದದ ಒಳಮಗ್ಗುಲಲ್ಲಿ ಉಬ್ಬಿಕೊಂಡಿರುವ ನೆವಿಕ್ಯುಲರ್ ಎಂಬ ಮೂಳೆಗೆ ಕಟ್ಟಿಕೊಳ್ಳುತ್ತದೆ. ಅದರ ಕವಲುಗಳು ಅಂಗಾಲಿನ ಅಡಿಗೂ ಹರಡಿವೆ. ಹಗ್ಗ ಸವೆಯುವುದು ರಾಟೆಯ ಮೇಲೆ ತಿರುಗುವ ಕಡೆ. ಇಲ್ಲೂ ಹಾಗೆಯೇ, ಅದರ ಮೇಲೆ ಆ ಭಾಗಕ್ಕೆ ರಕ್ತಸಂಚಾರವೂ ಕಡಿಮೆ, ಹಾಗಾಗಿ ದಿನದ ಸವೆತ ರಾತ್ರಿ ಸರಿಹೋಗುವ ಲೆಕ್ಕ ನಡುವಯಸ್ಸಿನಲ್ಲಿ ತಪ್ಪತೊಡಗುತ್ತದೆ. ಐವತ್ತರ ಆಸುಪಾಸಿನ ಹೆಂಗಸರಲ್ಲಿ, ತೂಕ ಹೆಚ್ಚಿರುವವರಲ್ಲಿ, ಬಿ.ಪಿ. ಅಥವಾ ಶುಗರ್ ಇರುವವರಲ್ಲಿ, ಹಗಲೆಲ್ಲ ನಿಂತು ಕೆಲಸ ಮಾಡುವವರಲ್ಲಿ ಇದು ಹೆಚ್ಚು.

ನಡೆಯುವಾಗ ಹಿಮ್ಮಡಿ ನೆಲ ಬಿಡುವ ಕ್ಷಣದಲ್ಲಿ ಹಿಮ್ಮಡಿಯನ್ನು ಒಳಕ್ಕೆ ತಿರುಗಿಸಿ ಪಾದದ ನಡುಭಾಗವನ್ನು ಬಿಗಿ ಮಾಡುವುದು ಈ ಟೆಂಡನ್ನಿನ ಕೆಲಸ. ಅದು ಸಡಿಲವಾದರೆ ಮೀನಖಂಡದ ದೊಡ್ಡ ಸ್ನಾಯು ಎಳೆದಾಗ ಪಾದ ಒಂದೇ ಸನ್ನೆಗೋಲಿನಂತೆ ಏಳದೆ ನಡುವೆ ಬಾಗುತ್ತದೆ. ಆ ಭಾರವೆಲ್ಲ ಕಮಾನಿನ ಅಡಿಯಲ್ಲಿ ಮೂಳೆಗೆ ಮೂಳೆ ಕಟ್ಟುವ ಸ್ಪ್ರಿಂಗ್ ಲಿಗಮೆಂಟ್ ಎಂಬ ಪಟ್ಟಿಯ ಮೇಲೆ ಬೀಳುತ್ತದೆ. ಅದೂ ಹಿಗ್ಗಿದ ಮೇಲೆ ಕಮಾನು ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ, ಹಿಮ್ಮಡಿ ಹೊರಕ್ಕೆ ವಾಲುತ್ತದೆ, ಮುಂಪಾದ ಹೊರಕ್ಕೆ ತಿರುಗುತ್ತದೆ. ಹಿಂದಿನಿಂದ ನೋಡಿದಾಗ ಎಡಗಾಲಿನಲ್ಲಿ ಕಿರುಬೆರಳು, ಹೆಚ್ಚೆಂದರೆ ಅದರ ಪಕ್ಕದ ಬೆರಳು ಕಂಡು, ಬಲಗಾಲಿನಲ್ಲಿ ಮೂರ್ನಾಲ್ಕು ಬೆರಳು ಕಂಡರೆ ಇದೇ ಕಾರಣ.

ನಿಮ್ಮ ಎಕ್ಸ್‌ರೇ ನಾರ್ಮಲ್ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಮಲಗಿದಾಗ ಪಾದದ ಮೇಲೆ ಭಾರವಿಲ್ಲ, ಕಮಾನು ಇಳಿಯುವುದೂ ಇಲ್ಲ. ಎರಡೂ ಪಾದಗಳ ಎಕ್ಸ್‌ರೇಯನ್ನು, ಮುಂದಿನಿಂದಲೂ ಪಕ್ಕದಿಂದಲೂ, ನಿಲ್ಲಿಸಿ ತೆಗೆಯಬೇಕು. ಚೀಟಿಯಲ್ಲಿ ಹಾಗೆಂದು ಬರೆಸಿಕೊಂಡೇ ಹೋಗಿ, ಇಲ್ಲದಿದ್ದರೆ ಮತ್ತೆ ಮಲಗಿಸುತ್ತಾರೆ. ಟೆಂಡನ್ ನೋಡಲು ಅಲ್ಟ್ರಾಸೌಂಡ್ ಸಾಕಾಗುತ್ತದೆ. ಚಿಕಿತ್ಸೆ ಶುರುಮಾಡಲು ಎಂಆರ್‌ಐ ಬೇಕೇಬೇಕು ಎಂದೇನಿಲ್ಲ.

ಇನ್ನು ಎಂಸಿಆರ್ ಚಪ್ಪಲಿ. ಶುಗರ್ ಅಥವಾ ಕುಷ್ಠದಿಂದ ಸ್ಪರ್ಶ ಕಳೆದುಕೊಂಡ ಅಂಗಾಲಿನ ಮೇಲೆ ಒತ್ತಡ ಒಂದೇ ಕಡೆ ಬೀಳದಿರಲಿ ಎಂದು ಬಳಸುವ ಮೆತ್ತನೆಯ ರಬ್ಬರ್ ಅದು. ನಿಮ್ಮ ತೊಂದರೆ ಒತ್ತಡದ್ದಲ್ಲ, ವಾಲುವುದರದ್ದು. ಮೆತ್ತನೆಯ ಅಡಿಯ ಮೇಲೆ ವಾಲುವ ಹಿಮ್ಮಡಿ ಇನ್ನಷ್ಟು ಸಲೀಸಾಗಿ ವಾಲುತ್ತದೆ. ಈ ನಾಲ್ಕು ತಿಂಗಳು ಹಾಕಿದ ಜೋಡಿಯನ್ನೇ ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಬಲಗಾಲಿನದರ ಒಳಅಂಚು ಹೆಚ್ಚು ತಗ್ಗಿ, ಹಿಮ್ಮಡಿಯ ಗುರುತು ಒಳಮಗ್ಗುಲಿಗೆ ಸರಿದಿದ್ದರೆ ಏನಾಗುತ್ತಿದೆ ಎನ್ನುವುದನ್ನು ಚಪ್ಪಲಿಯೇ ತೋರಿಸುತ್ತದೆ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಎಂಆರ್‌ಐಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಗೋಡೆಗೆ ಮುಖ ಮಾಡಿ ಬರಿಗಾಲಲ್ಲಿ ನಿಂತು, ಎದೆಯ ಮಟ್ಟದಲ್ಲಿ ಬೆರಳ ತುದಿಯಷ್ಟೇ ಗೋಡೆಗೆ ತಾಗಿಸಿ. ಮಗಳಿಗೆ ಫೋನನ್ನು ನೆಲದ ಮಟ್ಟದಲ್ಲಿ ಹಿಡಿದು ಹಿಂದಿನಿಂದ ವೀಡಿಯೊ ಮಾಡಲು ಹೇಳಿ. ಮೊದಲು ಎರಡೂ ಕಾಲಿನ ತುದಿಗಾಲಲ್ಲಿ ನಿಧಾನಕ್ಕೆ ಏಳಿ. ಆರೋಗ್ಯವಾಗಿರುವ ಹಿಮ್ಮಡಿ ಏಳುತ್ತಾ ಒಳಕ್ಕೆ ತಿರುಗುತ್ತದೆ. ಆಮೇಲೆ ಬಲಗಾಲು ಮಡಚಿ ಎಡಗಾಲೊಂದರ ಮೇಲೇ ಏಳಿ, ಕೊನೆಗೆ ಎಡಗಾಲು ಮಡಚಿ ಬಲಗಾಲಿನ ಮೇಲೆ. ಮೊಣಕಾಲು ಬಗ್ಗಿಸಬಾರದು, ಮೈಯನ್ನು ಗೋಡೆಗೆ ಒರಗಿಸಿ ಮೋಸ ಮಾಡಬಾರದು. ಎಷ್ಟು ಸಲ ಆಗುತ್ತದೆ, ಎಷ್ಟು ಎತ್ತರಕ್ಕೆ, ಹಿಮ್ಮಡಿ ಒಳಕ್ಕೆ ತಿರುಗಿತೋ ಇಲ್ಲವೋ, ಈ ಮೂರನ್ನೂ ಎರಡು ಕಾಲುಗಳ ನಡುವೆ ಹೋಲಿಸಿ ಬರೆದಿಡಿ.

ನೋವಿದ್ದರೂ ಎಂಟು ಹತ್ತು ಸಲ ಏಳಲು ಆಗಿ, ಹಿಮ್ಮಡಿ ಒಳಕ್ಕೆ ತಿರುಗುತ್ತಿದ್ದರೆ ಟೆಂಡನ್ ಊದಿಕೊಂಡಿದೆ, ಉದ್ದವಾಗಿಲ್ಲ; ಇದು ಮೊದಲ ಹಂತ. ಒಂದೆರಡು ಸಲವೂ ಕಷ್ಟ, ಹಿಮ್ಮಡಿ ಹೊರಕ್ಕೆ ವಾಲಿದ ಹಾಗೇ ಉಳಿಯುತ್ತದೆ, ಆದರೆ ಕುಳಿತಾಗ ಯಾರಾದರೂ ಹಿಮ್ಮಡಿ ಹಿಡಿದು ನೆಟ್ಟಗೆ ಮಾಡಿದರೆ ನೆಟ್ಟಗಾಗುತ್ತದೆ ಎಂದಾದರೆ ಎರಡನೆಯ ಹಂತ. ನಿಮ್ಮ ವಿವರ ಓದಿದರೆ ಅನ್ನಿಸುವುದು ಇದೇ. ಕೈಯಲ್ಲಿ ಹಿಡಿದರೂ ನೆಟ್ಟಗಾಗದಷ್ಟು ಬಿಗಿಯಾಗಿದ್ದರೆ ಮೂರನೆಯದು. ಜಾನ್ಸನ್ ಮತ್ತು ಸ್ಟ್ರೋಮ್ ಎಂಬ ವೈದ್ಯರು 1989ರಲ್ಲಿ ಮಾಡಿದ ವಿಂಗಡಣೆ ಇದು. ಆಮೇಲೆ ಗಿಣ್ಣಿನ ಕೀಲೇ ವಾಲುವ ನಾಲ್ಕನೆಯ ಹಂತ ಸೇರಿಕೊಂಡಿತು. 2020ರಿಂದ ತಜ್ಞರು ಬೇರೆ ಹೆಸರು, ಬೇರೆ ವಿಂಗಡಣೆ ಬಳಸುತ್ತಿದ್ದಾರಾದರೂ, ನಿಮಗೆ ಬೇಕಾದ ಪ್ರಶ್ನೆ ಒಂದೇ: ಪಾದ ಇನ್ನೂ ಬಾಗುತ್ತದೋ, ಬಿಗಿದುಹೋಗಿದೆಯೋ? ಬಾಗುತ್ತಿದ್ದರೆ ಮುಂದೆ ಹೇಳುವುದೆಲ್ಲ ನಿಮಗೆ ಅನ್ವಯಿಸುತ್ತದೆ.

ಮೊದಲ ನಾಲ್ಕರಿಂದ ಆರು ವಾರ ಟೆಂಡನ್‌ಗೆ ಭಾರ ಇಳಿಸುವುದಷ್ಟೇ ಕೆಲಸ. ಬೆಳಗಿನ ವಾಕಿಂಗ್ ಇದ್ದರೆ ನಿಲ್ಲಿಸಿ, ಬದಲಿಗೆ ಸ್ಟ್ಯಾಂಡಿನ ಸೈಕಲ್ ತುಳಿಯಬಹುದು. ಸಂಜೆ ಊತಕ್ಕೆ ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆಯನ್ನು ತಾವಾಗಿಯೇ ತಂದು ದಿನಗಟ್ಟಲೆ ನುಂಗಬಾರದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯವು ಬಿ.ಪಿ. ಏರಿಸುತ್ತವೆ, ಮೂತ್ರಪಿಂಡಕ್ಕೂ ಒಳ್ಳೆಯದಲ್ಲ. ಮನೆಯೊಳಗೆ ನಡೆದರೂ ಕುಂಟುವಷ್ಟು ನೋವಿದ್ದರೆ ಮೊಣಕಾಲ ಕೆಳಗಿನವರೆಗೆ ಬರುವ ವಾಕರ್ ಬೂಟ್ ಈ ಆರು ವಾರಕ್ಕೆ ಬೇಕಾಗುತ್ತದೆ. ಇಲ್ಲದಿದ್ದರೆ ದಾರ ಬಿಗಿಯುವ ಆಂಕಲ್ ಬ್ರೇಸ್, ಅದರ ಕೆಳಗೆ ಸರಿಯಾದ ಇನ್‌ಸೋಲ್, ಅದರ ಹೊರಗೆ ಗಟ್ಟಿ ಶೂ ಸಾಕು.

ಇನ್‌ಸೋಲ್ ವಿಷಯದಲ್ಲೇ ಹೆಚ್ಚಿನ ದುಡ್ಡು ಪೋಲಾಗುವುದು. ಜೆಲ್ ಇನ್‌ಸೋಲ್ ಬೇಡ. ಹೆಬ್ಬೆರಳಿನಿಂದ ಅದರ ಕಮಾನನ್ನು ಜೋರಾಗಿ ಒತ್ತಿ ನೋಡಿ. ಬೆರಳಿಗೇ ಬಗ್ಗುವುದು 74 ಕೆ.ಜಿ.ಗೆ ನಿಲ್ಲುತ್ತದೆಯೇ? ನಿಮಗೆ ಬೇಕಾದದ್ದು ಪಾಲಿಪ್ರೊಪಿಲೀನ್ ಅಥವಾ ಗಟ್ಟಿ ಇವಿಎ ಫೋಮಿನದು. ಹಿಮ್ಮಡಿ ಕೂರುವ ಜಾಗ ಬಟ್ಟಲಿನಂತೆ ಆಳವಾಗಿರಬೇಕು, ಹಿಮ್ಮಡಿಯ ಒಳಅಂಚಿನ ಕೆಳಗೆ ಕೆಲವು ಮಿಲಿಮೀಟರ್ ಏರಿಸಿದ ಬೆಣೆ ಇರಬೇಕು. ಬೆಣೆಯೇ ಮುಖ್ಯ, ಕಮಾನಿನ ಉಬ್ಬು ಆಮೇಲಿನದು. ಹಿಮ್ಮಡಿ ನೆಟ್ಟಗಾಗದೆ ಕಮಾನನ್ನಷ್ಟೇ ಕೆಳಗಿನಿಂದ ತಳ್ಳಿದರೆ ನೆವಿಕ್ಯುಲರ್ ಮೂಳೆಗೆ ಒತ್ತಿ ನೋವೇ ಹೆಚ್ಚುತ್ತದೆ. ಯಂತ್ರದ ಮೇಲೆ ನಿಲ್ಲಿಸಿ ಬಣ್ಣದ ಚಿತ್ರ ತೋರಿಸುವ ಅಂಗಡಿಗಿಂತ, ಇನ್‌ಸೋಲ್, ಬ್ರೇಸ್ ತಯಾರಿಸುವ ಆರ್ಥೋಟಿಸ್ಟ್ ಕೈಯಲ್ಲಿ ಹಿಮ್ಮಡಿ ಹಿಡಿದು ನೆಟ್ಟಗೆ ಮಾಡಿ ಅಚ್ಚು ತೆಗೆಯುವ ಕಡೆ ಹೋಗಿ. ಕುಸಿದ ಪಾದದ ಅಚ್ಚನ್ನು ಹಾಗೇ ತೆಗೆದರೆ ಕುಸಿದ ಪಾದಕ್ಕೆ ಒಪ್ಪುವ ಇನ್‌ಸೋಲ್ ಸಿಗುತ್ತದೆ, ಅಷ್ಟೆ.

ಶೂ ಆರಿಸುವಾಗ ಹಿಮ್ಮಡಿಯ ಹಿಂಭಾಗವನ್ನು ಎರಡು ಬೆರಳಲ್ಲಿ ಹಿಂಡಿ, ಬಗ್ಗಬಾರದು. ತುದಿ ಹಿಡಿದು ಬಟ್ಟೆ ಹಿಂಡುವ ಹಾಗೆ ತಿರುಚಿ, ಸುಲಭವಾಗಿ ತಿರುಚಬಾರದು. ಒಳಗಿನ ಅಟ್ಟೆ ತೆಗೆಯಲು ಬರಬೇಕು. ಕಾಲು ಊದಿರುವ ಸಂಜೆ ಹೊತ್ತು, ಇನ್‌ಸೋಲನ್ನೂ ಬ್ರೇಸನ್ನೂ ಜೊತೆಗೊಯ್ದು ಕೊಳ್ಳಿ. ಇನ್‌ಸೋಲನ್ನು ಮೊದಲ ದಿನ ಒಂದು ಗಂಟೆ ಹಾಕಿ, ಆಮೇಲೆ ದಿನಕ್ಕೊಂದು ಗಂಟೆ ಹೆಚ್ಚಿಸಿ. ಕಳಚಿದ ಮೇಲೆ ಒಳಮಗ್ಗುಲಿನ ಕೆಂಪು ಗುರುತು ಅರ್ಧ ಗಂಟೆಯಾದರೂ ಮಾಯವಾಗದಿದ್ದರೆ ಆ ಜಾಗವನ್ನು ಸ್ವಲ್ಪ ಉಜ್ಜಿಸಬೇಕು, ಬಿಸಾಡಬೇಕಾಗಿಲ್ಲ.

ನಮ್ಮ ಮನೆಗಳಲ್ಲಿ ಈ ಚಿಕಿತ್ಸೆ ಸೋಲುವುದು ಬಾಗಿಲ ಬಳಿ. ಶಾಲೆಯಲ್ಲಿ ಏಳು ಗಂಟೆ ಇನ್‌ಸೋಲ್ ಮೇಲಿದ್ದ ಪಾದ ಮನೆಗೆ ಬಂದು, ಚಪ್ಪಲಿ ಸ್ಟ್ಯಾಂಡಿನಲ್ಲಿ ಶೂ ಬಿಟ್ಟು, ಗ್ರಾನೈಟ್ ನೆಲದ ಮೇಲೆ ಐದಾರು ಗಂಟೆ ಬರಿಗಾಲಲ್ಲಿರುತ್ತದೆ. ಒಲೆ ಮುಂದೆ ಒಂದು ಗಂಟೆ ನಿಂತರೆ ಹಗಲಿನ ಲಾಭ ಅಲ್ಲಿಗೆ ಮುಗಿಯಿತು. ಹೊರಗೆ ಒಮ್ಮೆಯೂ ಹಾಕದ, ಹಿಂಬದಿ ಪಟ್ಟಿಯಿರುವ, ಗಟ್ಟಿ ಕಮಾನಿನ ಒಂದು ಸ್ಯಾಂಡಲ್ಲನ್ನು ಮನೆಯೊಳಗಿಗೇ ಮೀಸಲಿಡಿ. ಅದು ಮಂಚದ ಪಕ್ಕದಲ್ಲೇ ಇರಲಿ, ರಾತ್ರಿ ಬಚ್ಚಲಿಗೆ ಏಳುವಾಗಲೂ ಕಾಲಿಗೆ ಸಿಗುವ ಹಾಗೆ. ದೇವರ ಮನೆಯಲ್ಲಿ ಬರಿಗಾಲಲ್ಲಿ ನಿಲ್ಲುವ ಬದಲು ಮಣೆ ಅಥವಾ ಸ್ಟೂಲ್ ಮೇಲೆ ಕುಳಿತು ಪೂಜೆ ಮಾಡಿದರೆ ತೊಂದರೆಯಿಲ್ಲ. ದೇವಸ್ಥಾನದ ಪ್ರದಕ್ಷಿಣೆ ಮಾತ್ರ ಮೂರು ತಿಂಗಳು ಮುಂದೂಡಿ. ತರಗತಿಯಲ್ಲಿ ಪ್ರತಿ ಪೀರಿಯಡ್‌ನಲ್ಲೂ ಅರ್ಧ ಹೊತ್ತಾದರೂ ಕುಳಿತು ಪಾಠ ಮಾಡಿ, ಬೋರ್ಡಿನ ಕೆಲಸ ಒಟ್ಟುಗೂಡಿಸಿ. ರಸ್ತೆಯ ವಿಷಯದಲ್ಲೂ ಒಂದು ಸಣ್ಣ ಲೆಕ್ಕವಿದೆ: ನಮ್ಮ ರಸ್ತೆಗಳು ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುವುದರಿಂದ, ಎಡ ಅಂಚಿನಲ್ಲಿ ನಡೆದರೆ ಬಲಪಾದ ಪ್ರತಿ ಹೆಜ್ಜೆಗೂ ಒಳಕ್ಕೆ ವಾಲುತ್ತದೆ. ಫುಟ್‌ಪಾತ್ ಇಲ್ಲದ ಕಡೆ ಬಲ ಅಂಚು ಹಿಡಿದು, ಎದುರಿನ ವಾಹನ ನೋಡಿಕೊಂಡು ನಡೆಯುವುದು ನಿಮಗೆ ಎರಡು ರೀತಿಯಲ್ಲೂ ವಾಸಿ.

ನೋವು ಅರ್ಧದಷ್ಟಾದರೂ ಇಳಿದ ಮೇಲೆ, ಸಾಮಾನ್ಯವಾಗಿ ನಾಲ್ಕನೆಯ ವಾರದ ಹೊತ್ತಿಗೆ, ವ್ಯಾಯಾಮ. ಮೂರೇ ಸಾಕು, ಆದರೆ ಮೂರನ್ನೂ ತಪ್ಪು ಮಾಡುವುದು ಸುಲಭ.

ಮೊದಲನೆಯದು ಮೀನಖಂಡ ಎಳೆಯುವುದು. ಇದು ಬಿಗಿದಿದ್ದರೆ ಹಿಮ್ಮಡಿ ನೆಲಕ್ಕೆ ಊರಲು ಪಾದ ತನ್ನ ನಡುವನ್ನೇ ಮುರಿದುಕೊಳ್ಳುತ್ತದೆ. ಗೋಡೆ ಹಿಡಿದು ಬಲಗಾಲು ಹಿಂದಿಟ್ಟು, ಹಿಮ್ಮಡಿ ನೆಲದಲ್ಲೇ ಇರಿಸಿ ಮುಂದಕ್ಕೆ ಬಾಗಿ. 30 ಸೆಕೆಂಡಿನಂತೆ ಮೂರು ಸಲ, ಮೊಣಕಾಲು ನೆಟ್ಟಗಿಟ್ಟು ಒಮ್ಮೆ, ಸ್ವಲ್ಪ ಬಗ್ಗಿಸಿ ಇನ್ನೊಮ್ಮೆ, ದಿನಕ್ಕೆರಡು ಬಾರಿ. ಇದನ್ನು ಇನ್‌ಸೋಲ್ ಇರುವ ಶೂ ಹಾಕಿಕೊಂಡೇ ಮಾಡಬೇಕು, ಬೆರಳು ನೇರ ಮುಂದಕ್ಕಿರಬೇಕು. ಬರಿಗಾಲಲ್ಲಿ, ಪಾದ ಹೊರಕ್ಕೆ ತಿರುಗಿಸಿ ಮಾಡಿದರೆ ಹಿಗ್ಗುವುದು ಮೀನಖಂಡವಲ್ಲ, ಈಗಾಗಲೇ ಹಿಗ್ಗಿರುವ ಕಮಾನು.

ಎರಡನೆಯದು ರಬ್ಬರ್ ಬ್ಯಾಂಡಿನದು. ಕುರ್ಚಿಯಲ್ಲಿ ಕುಳಿತು ಪಾದ ಪೂರ್ತಿ ನೆಲದ ಮೇಲಿಡಿ, ಇಲ್ಲೂ ಶೂ ಇರಲಿ. ಬ್ಯಾಂಡಿನ ಒಂದು ತುದಿಯನ್ನು ನಿಮ್ಮ ಬಲಕ್ಕಿರುವ ಮಂಚದ ಕಾಲಿಗೆ ಕಟ್ಟಿ, ಇನ್ನೊಂದನ್ನು ಮುಂಪಾದಕ್ಕೆ ಸುತ್ತಿ. ಹಿಮ್ಮಡಿ ಇದ್ದಲ್ಲೇ ಇರಲಿ. ಮುಂಪಾದವನ್ನು ನೆಲದ ಮೇಲೆ ಒರೆಸುವ ಹಾಗೆ ಎಡಕ್ಕೆ, ಅಂದರೆ ಒಳಕ್ಕೆ ಸರಿಸಿ, ಮೂರು ನಾಲ್ಕು ಸೆಕೆಂಡು ತೆಗೆದುಕೊಂಡು ವಾಪಸ್ ಬಿಡಿ. ಬಿಡುವ ಆ ನಿಧಾನವೇ ಔಷಧ. 15ರಂತೆ ಮೂರು ಸುತ್ತು, ದಿನಕ್ಕೆರಡು ಬಾರಿ. ಮೊಣಕಾಲು ಒಳಕ್ಕೆ ಬರುತ್ತಿದ್ದರೆ ತೊಡೆ ಕೆಲಸ ಮಾಡುತ್ತಿದೆ ಎಂದರ್ಥ, ಎರಡು ಮಂಡಿಗಳ ನಡುವೆ ಸುತ್ತಿದ ಟವೆಲ್ ಇಟ್ಟುಕೊಳ್ಳಿ. ಪಾದದ ಒಳಅಂಚನ್ನು ಮೇಲಕ್ಕೆತ್ತಿ, ಗಿಣ್ಣಿನ ಮುಂದೆ ಹುರಿಯೊಂದು ಎದ್ದು ಕಂಡರೆ ಬೇರೆಯೇ ಸ್ನಾಯು ದುಡಿಯುತ್ತಿದೆ. ಅಂಗಾಲು ನೆಲ ಬಿಡಬಾರದು.

ಮೂರನೆಯದು ತುದಿಗಾಲಲ್ಲಿ ಏಳುವುದು, ಹಿಮ್ಮಡಿಗಳ ನಡುವೆ ಟೆನಿಸ್ ಚೆಂಡು ಹಿಡಿದು. ಅಡುಗೆಮನೆ ಕಟ್ಟೆ ಹಿಡಿದು ಎರಡೂ ಕಾಲಲ್ಲಿ ಎರಡು ಸೆಕೆಂಡಿನಲ್ಲಿ ಏಳಿ, ನಾಲ್ಕು ಸೆಕೆಂಡಿನಲ್ಲಿ ಇಳಿಯಿರಿ, ಚೆಂಡು ಬೀಳಬಾರದು. ಚೆಂಡನ್ನು ಒತ್ತುವಾಗ ಹಿಮ್ಮಡಿಗಳು ಒಳಕ್ಕೆ ತಿರುಗಲೇಬೇಕಾಗುತ್ತದೆ, ಅದಕ್ಕೇ ಅದು. 10ರ ಎರಡು ಸುತ್ತಿನಿಂದ ಶುರುಮಾಡಿ 15ರ ಮೂರಕ್ಕೆ ಬನ್ನಿ. ಅದು ಸಲೀಸಾದ ಮೇಲೆ ಎರಡು ಕಾಲಲ್ಲಿ ಎದ್ದು ಬಲಗಾಲೊಂದರಲ್ಲೇ ಇಳಿಯಿರಿ. ಒಂಟಿ ಕಾಲಲ್ಲಿ ಏಳುವುದು ಕೊನೆಗೆ, ಎರಡು ಮೂರು ತಿಂಗಳ ಮಾತು.

ವ್ಯಾಯಾಮ ಮಾಡುವಾಗ ಹತ್ತರಲ್ಲಿ ಮೂರರಷ್ಟು ನೋವು ಬಂದರೆ ಪರವಾಗಿಲ್ಲ. ಮರುದಿನ ಬೆಳಿಗ್ಗೆಯೂ ಅದು ಹಾಗೇ ಇದ್ದರೆ ಅಥವಾ ಊತ ಹೆಚ್ಚಿದ್ದರೆ ಸುತ್ತುಗಳನ್ನು ಅರ್ಧಕ್ಕಿಳಿಸಿ. ಬ್ರೇಸ್ ಮತ್ತು ವ್ಯಾಯಾಮ ಎರಡನ್ನೂ ಸೇರಿಸಿ ನಡೆಸಿದ, 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೊದಲೆರಡು ಹಂತದ 47 ಮಂದಿಯಲ್ಲಿ 39 ಮಂದಿ ಸುಮಾರು ನಾಲ್ಕು ತಿಂಗಳಲ್ಲಿ ಚೇತರಿಸಿಕೊಂಡಿದ್ದರು. ಆರು ವಾರಕ್ಕೆ ಬೇಸತ್ತು ಬಿಡುವವರು ಆ ನಾಲ್ಕು ತಿಂಗಳನ್ನು ನೆನಪಿಟ್ಟುಕೊಳ್ಳಬೇಕು.

12 ವಾರಕ್ಕೆ ಮೊದಲ ದಿನದ ವೀಡಿಯೊ ಪಕ್ಕದಲ್ಲಿಟ್ಟು ಅದೇ ಪರೀಕ್ಷೆ ಮತ್ತೆ ಮಾಡಿ. ನೋವೊಂದನ್ನೇ ನಂಬಬೇಡಿ. ಟೆಂಡನ್ ಪೂರ್ತಿ ಹರಿದರೂ ಒಳಮಗ್ಗುಲಿನ ನೋವು ಕಡಿಮೆಯಾಗುತ್ತದೆ! ಒಳಗಿನ ನೋವು ಇಳಿದು, ಹೊರಗಿಣ್ಣಿನ ಕೆಳಗೆ ಹೊಸ ನೋವು ಶುರುವಾದರೆ ಅದು ಗುಣವಾಗುತ್ತಿರುವುದಲ್ಲ. ವಾಲಿದ ಹಿಮ್ಮಡಿಯ ಮೂಳೆ ಹೊರಗಡೆ ಇನ್ನೊಂದು ಮೂಳೆಗೆ ತಾಕುತ್ತಿದೆ. ಆಗ 12 ವಾರ ಕಾಯದೆ ಪಾದದ ಶಸ್ತ್ರಚಿಕಿತ್ಸೆ ತಿಳಿದ ಆರ್ಥೋಪೆಡಿಕ್ ಸರ್ಜನ್‌ಗೆ ತೋರಿಸಿ. ಒಂದೇ ದಿನದಲ್ಲಿ ತಟ್ಟನೆ ಕಮಾನು ಕುಸಿದರೂ ಹಾಗೆಯೇ. ಇದನ್ನು ಓದುವವರಲ್ಲಿ ಶುಗರ್ ಇರುವವರಿಗೆ ಒಂದು ಮಾತು: ಪಾದ ಬಿಸಿಯಾಗಿ, ಕೆಂಪಾಗಿ, ಊದಿಕೊಂಡು ನೋವು ಮಾತ್ರ ಕಡಿಮೆಯಿದ್ದರೆ ಇದು ಟೆಂಡನ್ ಕಥೆಯಲ್ಲ, ಮೂಳೆಗಳೇ ಮುರಿಯುವ ಶಾರ್ಕೋ ಪಾದ ಇರಬಹುದು. ಆ ಕಾಲು ಊರದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಸರಿಯಾಗಿ ಆರು ತಿಂಗಳು ಮಾಡಿಯೂ ಒಂದು ಕಿಲೋಮೀಟರ್ ನಡೆಯಲಾಗದಿದ್ದರೆ ಆಪರೇಷನ್ ಬಗ್ಗೆ ಮಾತಾಡಬಹುದು. ಪಾದ ಇನ್ನೂ ಬಾಗುತ್ತಿರುವಾಗ ಹಿಮ್ಮಡಿಯ ಮೂಳೆಯನ್ನು ಕೊಯ್ದು ಸುಮಾರು ಒಂದು ಸೆಂಟಿಮೀಟರ್ ಒಳಕ್ಕೆ ಸರಿಸಿ ಸ್ಕ್ರೂ ಹಾಕುತ್ತಾರೆ, ಕಿರಿಯ ಬೆರಳುಗಳನ್ನು ಮಡಚುವ ಟೆಂಡನ್ನನ್ನು ಕೆಟ್ಟದರ ಜಾಗಕ್ಕೆ ಜೋಡಿಸುತ್ತಾರೆ. ಮೂಳೆ ಮುಟ್ಟದೆ ಟೆಂಡನ್ ಒಂದನ್ನೇ ಬದಲಿಸುತ್ತೇವೆ ಎಂದರೆ ಒಪ್ಪಬೇಡಿ; ಹೊಸ ಟೆಂಡನ್ ಹಳೆಯದಕ್ಕಿಂತ ಸಣ್ಣದು, ಅದೇ ವಾಲಿದ ಹಿಮ್ಮಡಿ ಅದನ್ನೂ ಎಳೆದು ಸಡಿಲ ಮಾಡುತ್ತದೆ. ಬಿಗಿದುಹೋದ ಪಾದಕ್ಕೆ ಉಳಿಯುವುದು ಕೀಲುಗಳನ್ನು ಬೆಸೆಯುವುದು. ಯಾವುದಾದರೂ ಸರಿ, ಸುಮಾರು ಆರು ವಾರ ಬಲಗಾಲು ಊರುವಂತಿಲ್ಲ, ಆಮೇಲೆ ಮತ್ತೆ ಅಷ್ಟೇ ದಿನ ಬೂಟು, ಕಾರು ಸ್ಕೂಟರು ಓಡಿಸಲು ಮೂರು ತಿಂಗಳು. ಹಾಗಾಗಿ ಬೇಸಿಗೆ ರಜೆಯಲ್ಲಿ ಮುಗಿಸಿಬಿಡುತ್ತೇನೆ ಎಂದು ಲೆಕ್ಕ ಹಾಕಬೇಡಿ. ರಜೆ ಮುಗಿದರೂ ನೀವಿನ್ನೂ ಬೂಟಿನಲ್ಲೇ ಇರುತ್ತೀರಿ, ಜೂನ್ ತಿಂಗಳಿಗೂ ರಜೆ ಬರೆದುಕೊಡಬೇಕಾಗುತ್ತದೆ.